ಎರಡು ಬೆರಳಿಟ್ಟು ಹಿಗ್ಗಿಸಿದರೆ ಒಂದು ಸಿನಿಮಾಕ್ಕೆ ಏನೂ ಆಗಲಿಲ್ಲ, ಇನ್ನೊಂದರಲ್ಲಿ ತಲೆಗಳೇ ಹೋದವು. ಯಾಕೆ?

ಕಿಟಕಿ ಸೀಟು

ಎರಡು ವಾರದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಫೋನ್ ಅಡ್ಡ ಹಿಡಿದು ಸಿನಿಮಾ ನೋಡುವಾಗ ಸುತ್ತ ಕಪ್ಪು ಜಾಗ ಉಳಿದರೆ ನಾನು ಎರಡು ಬೆರಳಿಟ್ಟು ಹಿಗ್ಗಿಸುತ್ತೇನೆ. ಎಲ್ಲರೂ ಹಾಗೇ ಮಾಡುತ್ತಾರೆ, ಅಲ್ವಾ?

ಮೊನ್ನೆ ನೋಡಿದ ಸಿನಿಮಾಕ್ಕೆ ನಾಲ್ಕೂ ಕಡೆ ಕಪ್ಪು ಇತ್ತು. ಹಿಗ್ಗಿಸಿದೆ. ಪರದೆಯ ಅಗಲ ತುಂಬಿತು, ಏನೂ ಕತ್ತರಿಸಿ ಹೋಗಲಿಲ್ಲ. ಮರುದಿನದ ಸಿನಿಮಾಕ್ಕೆ ಎಡಬಲದಲ್ಲಿ ಮಾತ್ರ ಕಪ್ಪು. ಅದಕ್ಕೂ ಹಾಗೇ ಮಾಡಿದೆ. ನಿಂತವರ ತಲೆ ಹಣೆಯ ಮೇಲಿಂದ ಹೋಯಿತು. ಅದೇ ಫೋನ್, ಅದೇ ಬೆರಳು.

ಇನ್ನೊಂದು ಮಾತು. ಮೊದಲ ಸಿನಿಮಾದಲ್ಲಿ ಒಂದು ಊಟದ ಮೇಜಿನ ದೃಶ್ಯ ಇದೆ. ಉದ್ದನೆಯ ಮೇಜು, ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಮಗಳು, ನಡುವೆ ಒಂದು ಖಾಲಿ ಕುರ್ಚಿ. ಆಮೇಲೆ ಅದೇ ದೃಶ್ಯ, ನೇರ ಹಿಡಿದ ಫೋನಿಗೆ ಹೊಂದುವ ಉದ್ದ ಆಕಾರದ ತುಣುಕಾಗಿ ಕಣ್ಣಿಗೆ ಬಿತ್ತು. ಅದರಲ್ಲಿ ಮಗಳು ಮಾತ್ರ ಇದ್ದಾಳೆ. ಮಾತು ಒಂದೂ ಬದಲಾಗಿಲ್ಲ. ಆದರೆ ನನಗೆ ಅದು ಬೇರೆಯೇ ದೃಶ್ಯ ಅನ್ನಿಸಿತು.

ಈ ಆಸ್ಪೆಕ್ಟ್ ರೇಷಿಯೋ ಅಂದರೆ ನಿಜವಾಗಿ ಏನು? ಗೊತ್ತಿದ್ದವರು ನಿಧಾನವಾಗಿ ಹೇಳಿ.

ನೀಲಿಶಾಯಿ

ಸುಲಭ ಇದೆ. ಆಸ್ಪೆಕ್ಟ್ ರೇಷಿಯೋ ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ. 1920×1080 ಅಂದರೆ 16:9. ನಿಮ್ಮ ಎರಡನೇ ಸಿನಿಮಾ ಕಡಿಮೆ ರೆಸಲ್ಯೂಶನ್‌ನಲ್ಲಿ ಇದ್ದಿರಬೇಕು, ಅದಕ್ಕೇ ಹಾಗಾಗಿದೆ. ಒಳ್ಳೆ ಪ್ರಿಂಟ್ ಇದ್ದರೆ ಕತ್ತರಿಸುವುದಿಲ್ಲ.

ಅಗಲದ ಚೌಕಟ್ಟು ಯಾಕೆ ಅಂದರೆ, ನಮ್ಮ ಎರಡು ಕಣ್ಣು ಅಕ್ಕಪಕ್ಕ ಇವೆ. ನಮಗೆ ಕಾಣುವುದೇ ಅಗಲವಾಗಿ. ಅಗಲ ಇದ್ದಷ್ಟೂ ಚಿತ್ರದಲ್ಲಿ ಜಾಸ್ತಿ ಹಿಡಿಸುತ್ತದೆ.

ರೀಲು ಪೆಟ್ಟಿಗೆ

ನಾನು 26 ವರ್ಷ ಪ್ರೊಜೆಕ್ಟರ್ ಕೋಣೆಯಲ್ಲಿ ಕೆಲಸ ಮಾಡಿದವನು. ನೀಲಿಶಾಯಿ ಅವರ ಮೊದಲ ವಾಕ್ಯ ಸರಿ. ರೆಸಲ್ಯೂಶನ್ ವಿಷಯ ಸರಿಯಲ್ಲ. ಎಷ್ಟು ಚುಕ್ಕೆಗಳಿವೆ ಅನ್ನುವುದು ಬೇರೆ, ಚಿತ್ರದ ಆಕಾರ ಬೇರೆ. 1920×1080 ಕೂಡ 16:9, 640×360 ಕೂಡ 16:9. ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿದರೆ ಒಂದೇ ಜಾಗದಲ್ಲಿ ಕತ್ತರಿಸುತ್ತದೆ, ಒಂದು ಮಸುಕಾಗಿರುತ್ತದೆ ಅಷ್ಟೇ.

ಕಿಟಕಿ ಸೀಟು ಅವರ ಎರಡು ಸಿನಿಮಾಗಳಿಗೆ ಬರೋಣ. ಈಗಿನ ಸುಮಾರು ಫೋನ್‌ಗಳ ಪರದೆ 20:9 ಇರುತ್ತದೆ. ನಿಮ್ಮದು 2400×1080 ಅಂತಲೇ ಇಟ್ಟುಕೊಳ್ಳಿ.

ಎರಡನೆಯದು ಮೊದಲು. ಆ ಸಿನಿಮಾ 16:9 ಆಕಾರದ್ದು. ಅಡ್ಡ ಹಿಡಿದ ಫೋನಿನ ಎತ್ತರ 1080. ಆ ಎತ್ತರಕ್ಕೆ ಚಿತ್ರ ಕೂತರೆ ಅಗಲ 1920 ಆಗುತ್ತದೆ. ಪರದೆ 2400 ಇದೆ. ಉಳಿದ 480 ಎಡಕ್ಕೆ 240, ಬಲಕ್ಕೆ 240 ಕಪ್ಪಾಗಿ ನಿಲ್ಲುತ್ತದೆ. ಈಗ ಹಿಗ್ಗಿಸಿದಿರಿ. 1920 ಹೋಗಿ 2400 ಆಗಬೇಕಾದರೆ ಚಿತ್ರ ಒಂದೂಕಾಲು ಪಟ್ಟು ದೊಡ್ಡದಾಗಬೇಕು. ಎತ್ತರವೂ ಅಷ್ಟೇ ಬೆಳೆದು 1350 ಆಗುತ್ತದೆ. ಪರದೆಯ ಎತ್ತರ ಮಾತ್ರ 1080. ಮೇಲೆ 135, ಕೆಳಗೆ 135 ಸಾಲು ಹೊರಗೆ ಹೋಯಿತು. ಐದರಲ್ಲಿ ಒಂದು ಪಾಲು ಚಿತ್ರ ಹೋಯಿತು. ತಲೆ ಸಾಮಾನ್ಯವಾಗಿ ಚೌಕಟ್ಟಿನ ಮೇಲಂಚಿಗೆ ಹತ್ತಿರ ಇರುತ್ತದೆ, ಆದ್ದರಿಂದ ಮೊದಲು ಹೋಗುವುದು ಅದೇ.

ಮೊದಲನೆಯದು ಸ್ಕೋಪ್ ಸಿನಿಮಾ, 2.39ರ ಆಕಾರ. ಅಂದರೆ ಎತ್ತರ ಒಂದಾದರೆ ಅಗಲ 2.39. ಆದರೆ ಫೈಲು ಮಾಡಿದವರು ಅದನ್ನು 16:9 ಡಬ್ಬಿಯೊಳಗೆ ಇಟ್ಟಿದ್ದಾರೆ. 1920×1080ರ ಡಬ್ಬಿಯಲ್ಲಿ ನಿಜವಾದ ಚಿತ್ರ 1920×803 ಮಾತ್ರ. ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಚಿತ್ರದ ಭಾಗವೇ ಆಗಿ ಸೇರಿಹೋಗಿದೆ. ಫೋನಿಗೆ ಇದು ಗೊತ್ತಿಲ್ಲ. ಅದು ಇಡೀ ಡಬ್ಬಿಯನ್ನು ನಡುವೆ ಇಟ್ಟು ಎಡಬಲಕ್ಕೆ ತನ್ನ ಕಪ್ಪನ್ನು ಸೇರಿಸಿತು. ಅದಕ್ಕೇ ನಾಲ್ಕೂ ಕಡೆ ಕಪ್ಪು. ಹಿಗ್ಗಿಸಿದಾಗ ಅದೇ ಮೇಲಿನ 135, ಕೆಳಗಿನ 135 ಸಾಲು ಹೋದವು. ಆದರೆ ಅಲ್ಲಿ ಬರೀ ಕಪ್ಪು ಇತ್ತು. ಚಿತ್ರ 2400×1004 ಆಗಿ ಚೆನ್ನಾಗಿ ಕೂತಿತು.

ನೀವು ಎರಡು ಸಲವೂ ಒಂದೇ ಕೆಲಸ ಮಾಡಿದಿರಿ. ಒಂದು ಸಲ ಹೋಗಿದ್ದು ಕಪ್ಪು ಪಟ್ಟಿ, ಇನ್ನೊಂದು ಸಲ ಹೋಗಿದ್ದು ಚಿತ್ರ.

ಕಿಟಕಿ ಸೀಟು

ಓಹ್! ನಾಲ್ಕೂ ಕಡೆ ಕಪ್ಪಿದ್ದರೆ ಹಿಗ್ಗಿಸಬಹುದು, ಎರಡೇ ಕಡೆ ಇದ್ದರೆ ಬೇಡ. ಇಷ್ಟು ನೆನಪಿಟ್ಟುಕೊಂಡರೆ ಸಾಕಾ?

ರೀಲು ಪೆಟ್ಟಿಗೆ

ಬಹಳ ಮಟ್ಟಿಗೆ ಸಾಕು. ಒಂದು ಎಚ್ಚರ ಇರಲಿ. ಕೆಲವರು ಮಾತಿನ ಬರಹವನ್ನು ಕೆಳಗಿನ ಕಪ್ಪು ಪಟ್ಟಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಹಿಗ್ಗಿಸಿದರೆ ಚಿತ್ರ ಪೂರ್ತಿ ಉಳಿಯುತ್ತದೆ, ಬರಹ ಹೋಗುತ್ತದೆ. ಇನ್ನು ಪೂರ್ತಿ ಅಗಲ ತುಂಬಿ ಮೇಲೆ ಕೆಳಗೆ ಮಾತ್ರ ಸಣ್ಣ ಪಟ್ಟಿ ಇದ್ದರೆ ಅದು ಸ್ಕೋಪ್ ಚಿತ್ರ ಸರಿಯಾಗಿ ಕೂತಿರುವ ಗುರುತು. ಅದನ್ನು ಮುಟ್ಟಬೇಡಿ, ಮುಟ್ಟಿದರೆ ಎಡಬಲದ ಅಂಚು ಹೋಗುತ್ತದೆ.

ಮುಂಜಾವು

ನನಗೂ ಇದೇ ಸಮಸ್ಯೆ ಆಗಿದೆ. ಫೋನ್ ಕ್ಯಾಮೆರಾದಲ್ಲಿ 'ಫುಲ್' ಅಂತ ಒಂದು ಆಯ್ಕೆ ಇದೆ. ಪೂರ್ತಿ ಬರಲಿ ಅಂತ ಎರಡು ವರ್ಷದಿಂದ ಅದನ್ನೇ ಇಟ್ಟಿದ್ದೇನೆ. ಮನೆಯವರೆಲ್ಲ ಸೇರಿದ ದಿನ ಫೋನನ್ನು ನೇರವಾಗಿ ಹಿಡಿದು ಫೋಟೋ ತೆಗೆದೆ. ಎರಡು ತುದಿಯಲ್ಲಿ ನಿಂತವರು ಅರ್ಧರ್ಧ ಬಂದಿದ್ದಾರೆ. ನಾನು ಹಿಂದಕ್ಕೆ ಹೋಗಲು ಜಾಗ ಇರಲಿಲ್ಲ. ಪರದೆ ಪೂರ್ತಿ ತುಂಬಿತ್ತಲ್ಲ, ಮತ್ತೆ ಹೇಗೆ ಕತ್ತರಿಸಿತು?

ಕತ್ತರಿ ಕೆಲಸ

ಮುಂಜಾವು ಅವರೇ, ಇದು ಸಿನಿಮಾದ ಪ್ರಶ್ನೆಯಲ್ಲ, ಆದರೂ ಉತ್ತರ ಅಲ್ಲೇ ಇದೆ. ಸಾಮಾನ್ಯವಾಗಿ ಫೋನ್ ಕ್ಯಾಮೆರಾದ ಸೆನ್ಸರ್ 4:3 ಆಕಾರದ್ದು. 'ಫುಲ್' ಅಂದರೆ ಸೆನ್ಸರ್ ಪೂರ್ತಿ ಅಂತ ಅಲ್ಲ, ಪರದೆ ಪೂರ್ತಿ ಅಂತ. 4:3ರ ಚಿತ್ರವನ್ನು 20:9ರ ಆಕಾರಕ್ಕೆ ತರಲು ಫೋನ್ ಎರಡು ಪಕ್ಕ ಕತ್ತರಿಸುತ್ತದೆ. ನೂರರಲ್ಲಿ ಸುಮಾರು 40 ಪಾಲು ಅಲ್ಲೇ ಹೋಗುತ್ತದೆ. ನೀವು ಫೋನ್ ನೇರವಾಗಿ ಹಿಡಿದಿದ್ದರಿಂದ ಹೋಗಿದ್ದು ಎಡಬಲ, ಅಂದರೆ ತುದಿಯಲ್ಲಿ ನಿಂತವರೇ. 4:3ಕ್ಕೆ ಬದಲಾಯಿಸಿ ನೋಡಿ. ನಿಂತ ಜಾಗದಿಂದ ಕದಲದೆ ಅವರು ಒಳಗೆ ಬರುತ್ತಾರೆ.

ಮುಂಜಾವು

ಈಗಲೇ ಬದಲಾಯಿಸಿ ನೋಡಿದೆ. ಕಿಟಕಿಯ ಎರಡೂ ಬದಿಯ ಗೋಡೆ ಕಾಣಿಸಿತು. ಎರಡು ವರ್ಷದ ಫೋಟೋಗಳಲ್ಲಿ ಹೋಗಿದ್ದನ್ನು ಮತ್ತೆ ಪಡೆಯಬಹುದಾ?

ಕತ್ತರಿ ಕೆಲಸ

ಅದೇ ಆಕಾರದಲ್ಲಿ ಸೇವ್ ಆಗಿದ್ದರೆ ಆಗುವುದಿಲ್ಲ. ಅಂಚಿನಲ್ಲಿದ್ದದ್ದು ಫೈಲಿನಲ್ಲಿ ಇಲ್ಲವೇ ಇಲ್ಲ. ಮೊದಲು 4:3ರಲ್ಲಿ ತೆಗೆದು ಆಮೇಲೆ ಕತ್ತರಿಸಿದರೆ ಮನಸ್ಸು ಬದಲಾದಾಗ ದಾರಿ ಇರುತ್ತದೆ.

ನೀಲಿಶಾಯಿ

ಸರಿ, ರೆಸಲ್ಯೂಶನ್ ಮಾತು ವಾಪಸ್ ತೆಗೆದುಕೊಂಡೆ. ಆದರೆ ಕಣ್ಣಿನ ವಿಷಯ ಬಿಡುವುದಿಲ್ಲ. ಅಗಲದ ಚೌಕಟ್ಟು ಕಣ್ಣಿಗೆ ಸಹಜ ಅಂತಲೇ ಬಂದದ್ದಲ್ವಾ?

ರೀಲು ಪೆಟ್ಟಿಗೆ

ಅರ್ಧ ಒಪ್ಪುತ್ತೇನೆ. ಕಣ್ಣಿಗೆ ಮೇಲೆ ಕೆಳಗಿಗಿಂತ ಅಕ್ಕಪಕ್ಕ ಜಾಸ್ತಿ ಕಾಣುತ್ತದೆ, ನಿಜ. ಆದರೆ ಎತ್ತರದ ಎರಡು ಪಟ್ಟೂ ಕಾಣುವುದಿಲ್ಲ. ಕಣ್ಣೇ ಕಾರಣ ಆಗಿದ್ದರೆ ಸಿನಿಮಾ ಶುರುವಿನಿಂದಲೇ ಅಗಲ ಇರಬೇಕಿತ್ತು. ಸುಮಾರು 60 ವರ್ಷ ಅದು ಹೆಚ್ಚುಕಡಿಮೆ 4:3ರಲ್ಲೇ ಇತ್ತು.

ಬದಲಾದದ್ದು 1953ರಲ್ಲಿ. ಮನೆಗಳಿಗೆ ಟೀವಿ ಬಂದಿತ್ತು, ಟೀವಿಯ ಆಕಾರವೂ 4:3. ಮನೆಯಲ್ಲೇ ಅದೇ ಆಕಾರದ ಚಿತ್ರ ಸಿಕ್ಕರೆ ಹಾಲ್‌ಗೆ ಯಾಕೆ ಬರುತ್ತಾರೆ? ಮನೆಯಲ್ಲಿ ಸಿಗದ್ದನ್ನು ಕೊಡಬೇಕಿತ್ತು. ಆಂರಿ ಕ್ರೆತಿಯೆಂ ಎಂಬ ಫ್ರೆಂಚ್ ವಿಜ್ಞಾನಿ 1920ರ ದಶಕದಲ್ಲೇ ಮಾಡಿಟ್ಟಿದ್ದ ಒಂದು ಲೆನ್ಸ್ ಇತ್ತು. ಅದು ಚಿತ್ರೀಕರಿಸುವಾಗ ಅಗಲವನ್ನು ಅರ್ಧಕ್ಕೆ ಹಿಂಡುತ್ತದೆ, ಎತ್ತರವನ್ನು ಹಾಗೇ ಬಿಡುತ್ತದೆ. ಹಾಲ್‌ನಲ್ಲಿ ಪ್ರೊಜೆಕ್ಟರಿನ ಲೆನ್ಸ್ ಅದನ್ನು ಮತ್ತೆ ಎರಡು ಪಟ್ಟು ಬಿಡಿಸುತ್ತದೆ. ಹಾಗಾಗಿ ಫಿಲ್ಮ್ ಬದಲಾಯಿಸದೆ ಅಗಲದ ಚಿತ್ರ ಸಿಕ್ಕಿತು. ಅದನ್ನೇ ಸಿನಿಮಾಸ್ಕೋಪ್ ಅಂದರು. ಲೆನ್ಸ್ ಹಾಕಲು ಮರೆತರೆ ಪರದೆಯ ಮೇಲೆ ಎಲ್ಲರೂ ಕಡ್ಡಿಯ ಹಾಗೆ ತೆಳ್ಳಗೆ, ಉದ್ದಕ್ಕೆ ಕಾಣುತ್ತಿದ್ದರು. ಒಂದು ಕ್ಷಣದಲ್ಲಿ ಹಾಲ್ ಪೂರ್ತಿ ಕೂಗುತ್ತಿತ್ತು.

ನನಗೆ ಮುಖ್ಯ ಅನ್ನಿಸುವುದು ಮುಂದಿನದು. ನನ್ನ ಹಾಲ್‌ನಲ್ಲಿ ಸಾಮಾನ್ಯ ಸಿನಿಮಾಕ್ಕೂ ಸ್ಕೋಪ್ ಸಿನಿಮಾಕ್ಕೂ ಚಿತ್ರದ ಎತ್ತರ ಒಂದೇ. ಸ್ಕೋಪ್ ಬಂದಾಗ ಎರಡು ಬದಿಯ ಪರದೆ ಬಟ್ಟೆ ಸರಿಯುತ್ತಿತ್ತು. ಚಿತ್ರ ಎಡಕ್ಕೂ ಬಲಕ್ಕೂ ಬೆಳೆಯುತ್ತಿತ್ತು. ಜನ ಆಗ ಉಸಿರು ಎಳೆದುಕೊಳ್ಳುವುದು ನನ್ನ ಕೋಣೆಯ ಕಿಂಡಿಯಿಂದಲೂ ಗೊತ್ತಾಗುತ್ತಿತ್ತು. ಟೀವಿಯಲ್ಲಿ ಇದು ತಿರುವುಮುರುವು. ಅಲ್ಲಿ ಅಗಲ ಬೆಳೆಯುವುದಿಲ್ಲ. ಅದಕ್ಕೇ ಸ್ಕೋಪ್ ಚಿತ್ರ ಎತ್ತರ ಕಳೆದುಕೊಂಡು ಚಿಕ್ಕದಾಗುತ್ತದೆ. ಹಾಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಚಿತ್ರ ಮನೆಯಲ್ಲಿ ಎಲ್ಲಕ್ಕಿಂತ ಸಣ್ಣದಾಗುತ್ತದೆ. ಜನರಿಗೆ ಕಪ್ಪು ಪಟ್ಟಿಯ ಮೇಲೆ ಸಿಟ್ಟು ಬರುವುದು ಇದಕ್ಕೇ ಅಂತ ನನ್ನ ಲೆಕ್ಕ.

ಎಂಟನೇ ಸಾಲು

'ಅಗಲ ಇದ್ದಷ್ಟೂ ಜಾಸ್ತಿ ಹಿಡಿಸುತ್ತದೆ' ಅನ್ನುವುದಕ್ಕೂ ಯಾರಾದರೂ ಉತ್ತರ ಕೊಡಿ. ಒಂದು ಹಳೆ ಸಿನಿಮಾದ ಟೀವಿ ಪ್ರತಿಯಲ್ಲಿ, ಸ್ಕೋಪ್ ಪ್ರತಿಗಿಂತ ಮೇಲೆ ಕೆಳಗೆ ಜಾಸ್ತಿ ಚಿತ್ರ ಇರುವುದನ್ನು ನಾನು ನೋಡಿದ್ದೇನೆ. ಒಂದು ಕಡೆ ಮೈಕಿನ ತುದಿಯೂ ಕಂಡಿತ್ತು.

ಕತ್ತರಿ ಕೆಲಸ

ಎಂಟನೇ ಸಾಲು ಅವರು ನೋಡಿದ್ದು ನಿಜ. ಎಲ್ಲ ಅಗಲದ ಸಿನಿಮಾವನ್ನೂ ಹಿಂಡುವ ಲೆನ್ಸಿನಲ್ಲಿ ತೆಗೆಯುವುದಿಲ್ಲ. ಎಷ್ಟೋ ಸಿನಿಮಾಗಳನ್ನು ಸಾಮಾನ್ಯ ಲೆನ್ಸಿನಲ್ಲಿ ಎತ್ತರದ ಚೌಕಟ್ಟಿನಲ್ಲಿ ತೆಗೆದು, ಆಮೇಲೆ ಮೇಲೆ ಕೆಳಗೆ ಬಿಟ್ಟು 2.39 ಮಾಡುತ್ತಾರೆ. ಕ್ಯಾಮೆರಾ ಹಿಡಿದವರ ಕಣ್ಣೆದುರಿನ ಪರದೆಯಲ್ಲಿ 2.39ರ ಗೆರೆ ಇರುತ್ತದೆ, ಅವರು ಅದರೊಳಗೆ ಮಾತ್ರ ದೃಶ್ಯ ಕಟ್ಟುತ್ತಾರೆ. ಗೆರೆಯ ಹೊರಗೆ ಮೈಕು ಇಳಿದಿದ್ದರೂ ಪರವಾಗಿಲ್ಲ. ಟೀವಿಗೆ ಕೊಡುವಾಗ ಆ ಬಿಟ್ಟ ಭಾಗವನ್ನು ತೆರೆದುಬಿಟ್ಟರೆ ಮೈಕು ಕಾಣುತ್ತದೆ.

ಹಾಗಾಗಿ ನಾನು ಎಷ್ಟು ಚಿತ್ರ ಉಳಿಯಿತು ಅಂತ ಮಾತ್ರ ಲೆಕ್ಕ ಹಾಕುವುದಿಲ್ಲ. ತೆಗೆದವರು ಯಾವ ಅಂಚು ನಂಬಿ ಜನರನ್ನು ನಿಲ್ಲಿಸಿದ್ದರು ಅನ್ನುವುದನ್ನು ನೋಡುತ್ತೇನೆ.

ಈಗ ಆ ಊಟದ ಮೇಜಿಗೆ ಬರುತ್ತೇನೆ. ನಾನು ಮಾಡುವುದು ಇದೇ ಕೆಲಸ. ಅಗಲದ ಚಿತ್ರದಿಂದ ಉದ್ದದ ತುಣುಕು ಕತ್ತರಿಸಿ ಕೊಡುತ್ತೇನೆ. 1920×803ರ ಚಿತ್ರದಿಂದ 9:16ರ ಉದ್ದ ತುಣುಕು ಬೇಕು ಅಂದರೆ, ಎತ್ತರ ಪೂರ್ತಿ ಇಟ್ಟುಕೊಂಡರೂ ಅಗಲದಲ್ಲಿ ಸುಮಾರು 452 ಮಾತ್ರ ಸಿಗುತ್ತದೆ. 1920ರಲ್ಲಿ 452. ಕಾಲು ಭಾಗಕ್ಕೂ ಕಡಿಮೆ. ಮುಕ್ಕಾಲಿಗೂ ಜಾಸ್ತಿ ಚಿತ್ರ ಹೊರಗೆ. ಅಪ್ಪ ಎಡ ತುದಿ, ಮಗಳು ಬಲ ತುದಿ. ಇಬ್ಬರೂ 452ರೊಳಗೆ ಬರುವುದು ಸಾಧ್ಯವೇ ಇಲ್ಲ. ಏನು ಮಾಡಬೇಕು?

ಒಬ್ಬರನ್ನೇ ಇಡಬಹುದು. ನೀವು ನೋಡಿದ್ದು ಅದೇ. ಆಗ ಮಗಳು ಯಾರ ಕಡೆಗೆ ನೋಡುತ್ತಿದ್ದಾಳೆ ಅನ್ನುವುದು ಹೋಗುತ್ತದೆ. ಅವಳ ಕಣ್ಣು ಎಡ ಅಂಚಿಗೆ ತಾಗಿ ನಿಲ್ಲುತ್ತದೆ, ಅದರಾಚೆ ಏನೂ ಇಲ್ಲ.

ಮಾತು ಬದಲಾದ ಹಾಗೆ ಚೌಕಟ್ಟನ್ನು ಎಡಕ್ಕೂ ಬಲಕ್ಕೂ ಸರಿಸಬಹುದು. ಆಗ ಕದಲದೇ ಇದ್ದ ಕ್ಯಾಮೆರಾ ಕುತ್ತಿಗೆ ತಿರುಗಿಸಿದ ಹಾಗೆ ಆಗುತ್ತದೆ. ಖಾಲಿ ಕುರ್ಚಿ ಸುಮ್ನೆ ಕಣ್ಣೆದುರು ಹಾದುಹೋಗುತ್ತದೆ.

ಇಲ್ಲ, ಅಪ್ಪನಿಂದ ಮಗಳಿಗೆ ನೇರ ಕಟ್ ಮಾಡಬಹುದು. ನೋಡಲು ಇದೇ ನೀಟು. ನನಗೆ ಜಾಸ್ತಿ ನೋವು ಕೊಡುವುದೂ ಇದೇ. ಅಗಲದ ದೃಶ್ಯದಲ್ಲಿ ಅಪ್ಪ ಮಾತಾಡುವಾಗ ಮಗಳು ತಟ್ಟೆ ನೋಡುತ್ತಿರುವುದು ಅದೇ ಹೊತ್ತಿಗೆ ಕಾಣುತ್ತದೆ. ಯಾರನ್ನು ನೋಡಬೇಕು ಅನ್ನುವುದು ನೋಡುವವರ ಕೈಯಲ್ಲಿರುತ್ತದೆ. ಕಟ್ ಮಾಡಿದರೆ ಅದನ್ನು ನಾನು ತೀರ್ಮಾನ ಮಾಡುತ್ತೇನೆ. ಅವಳು ತಟ್ಟೆಯಿಂದ ಕಣ್ಣೆತ್ತಿದ ಆ ಒಂದು ಕ್ಷಣದಲ್ಲಿ ನನ್ನ ತುಣುಕು ಅಪ್ಪನ ಮೇಲಿದ್ದರೆ, ಆ ಕ್ಷಣ ಯಾರಿಗೂ ಸಿಗುವುದಿಲ್ಲ.

ಯಾವ ದಾರಿ ಹಿಡಿದರೂ ಉಳಿಯದ್ದು ಅಪ್ಪನಿಗೂ ಮಗಳಿಗೂ ನಡುವಿನ ದೂರ. ಆ ದೃಶ್ಯವನ್ನು ಅಗಲದಲ್ಲಿ ತೆಗೆದದ್ದೇ ಆ ದೂರಕ್ಕಾಗಿ. ಖಾಲಿ ಕುರ್ಚಿ ನಡುವೆ ಇರುವುದು ಜಾಗ ತುಂಬಿಸಲಿಕ್ಕಲ್ಲ.

ಕಿಟಕಿ ಸೀಟು

ಆ ಕುರ್ಚಿ ಅಮ್ಮನದು. ಸಿನಿಮಾದಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತುಣುಕಿನಲ್ಲಿ ಕುರ್ಚಿಯೇ ಇರಲಿಲ್ಲ. ಬೇರೆ ದೃಶ್ಯ ಅನ್ನಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತು.

ನೀಲಿಶಾಯಿ

ಇದೆಲ್ಲ ಒಪ್ಪಿದೆ. ಆದರೆ ಒಂದು ನಿಜ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಸಿನಿಮಾ ನೋಡುವುದು ಬಸ್ಸಿನಲ್ಲಿ ನಿಂತುಕೊಂಡು, ಒಂದೇ ಕೈಯಲ್ಲಿ ಫೋನ್ ಹಿಡಿದು. ಅಡ್ಡ ತಿರುಗಿಸಲು ಆಗುವುದಿಲ್ಲ. ನೇರ ಹಿಡಿದ ಫೋನಿನಲ್ಲಿ ನಿಮ್ಮ ಅಗಲದ ಚಿತ್ರ ಒಂದು ರಿಬ್ಬನ್ನಿನ ಹಾಗೆ ನಡುವೆ ಇರುತ್ತದೆ. ಅಪ್ಪನ ಮುಖ ಹೆಸರುಕಾಳಿನಷ್ಟು. ಆ ದೂರವೂ ನನಗೆ ಕಾಣುವುದಿಲ್ಲ, ಮುಖವೂ ಕಾಣುವುದಿಲ್ಲ. ಕತ್ತರಿಸಿದ ತುಣುಕಿನಲ್ಲಿ ಮಗಳ ಮುಖವಾದರೂ ಸಿಗುತ್ತದೆ.

ರೀಲು ಪೆಟ್ಟಿಗೆ

ಬೇಜಾರಿಲ್ಲ, ನೀವು ಹೇಳಿದ್ದರಲ್ಲಿ ಸತ್ಯ ಇದೆ. ನೇರ ಹಿಡಿದರೆ ಸ್ಕೋಪ್ ಚಿತ್ರಕ್ಕೆ ಪರದೆಯ ಉದ್ದದಲ್ಲಿ ಐದರಲ್ಲಿ ಒಂದು ಪಾಲೂ ಸಿಗುವುದಿಲ್ಲ. 2400ರಲ್ಲಿ ಸುಮಾರು 452 ಸಾಲು. ಹಾಗೆ ನೋಡಲು ಆ ಸಿನಿಮಾ ಮಾಡಿದ್ದಲ್ಲ.

ಆದರೆ ಕೂತುಕೊಂಡಾಗ ಅಡ್ಡ ತಿರುಗಿಸಿ ನೋಡಿ. ದೊಡ್ಡ ಫೋನಿನ ಅಗಲ ಸುಮಾರು 15 ಸೆಂಟಿಮೀಟರ್. ಮುಖದಿಂದ 30 ಸೆಂಟಿಮೀಟರ್ ದೂರ ಹಿಡಿದರೆ, ದೂರದ ಅರ್ಧದಷ್ಟು ಅಗಲ ಆಯಿತು. ಹಾಲ್‌ನಲ್ಲಿ 12 ಮೀಟರ್ ಪರದೆಯನ್ನು 24 ಮೀಟರ್ ಹಿಂದೆ ಕೂತು ನೋಡಿದರೂ ಕಣ್ಣಿಗೆ ಅಷ್ಟೇ ಅಗಲ. ಹಿಂದಿನ ಸಾಲಿನ ಸೀಟು ಅಂದುಕೊಳ್ಳಿ. ಆ ಸೀಟಿನಲ್ಲಿ ಕೂತು ಎಷ್ಟೋ ಜನ ಅತ್ತಿದ್ದನ್ನು ನಾನು ನೋಡಿದ್ದೇನೆ. ಇನ್ನೊಂದು ಸಂತೋಷದ ಮಾತು ಇದೆ. ಆಕಾರ ನೋಡಿದರೆ ನಿಮ್ಮ 20:9 ಫೋನ್ 2.22 ಆಯಿತು, ಮನೆಯ ಟೀವಿ 1.78. ಸ್ಕೋಪಿಗೆ ಹತ್ತಿರ ಇರುವುದು ಫೋನೇ.

ಎಂಟನೇ ಸಾಲು

ಹಾಗಾದರೆ ಫೈಲಿನೊಳಗೆ ಕಪ್ಪು ಪಟ್ಟಿ ಸೇರಿಸುವುದೇ ತಪ್ಪಲ್ವಾ? ನಾನು ಮಾಡಿದ 11 ನಿಮಿಷದ ಕಿರುಚಿತ್ರಕ್ಕೆ ಎಡಿಟ್ ಮಾಡುವಾಗ ಮೇಲೆ ಕೆಳಗೆ ಪಟ್ಟಿ ಅಂಟಿಸಿ 1920×1080ರಲ್ಲಿ ಹಾಕಿದ್ದೆ. ಫೋನಿನಲ್ಲಿ ನೋಡಿದವರೆಲ್ಲ ಚಿತ್ರ ಸಣ್ಣದಾಗಿದೆ ಅಂದರು.

ಕತ್ತರಿ ಕೆಲಸ

ನೀವೇ ನೋಡಿಕೊಳ್ಳುವ ಫೈಲಾದರೆ ಪಟ್ಟಿ ಇಲ್ಲದೆ 1920×804ರಲ್ಲೇ ಹೊರತೆಗೆಯಿರಿ. 803 ಬೇಡ, ಸಾಮಾನ್ಯವಾಗಿ ಸರಿಸಂಖ್ಯೆಯೇ ಬೇಕಾಗುತ್ತದೆ. ಆಗ ಯಾವ ಪರದೆಗೆ ಎಷ್ಟು ಕಪ್ಪು ಬೇಕೋ ಅಷ್ಟನ್ನು ಪ್ಲೇಯರೇ ಹಾಕುತ್ತದೆ. 20:9 ಫೋನಿನಲ್ಲಿ ಹಿಗ್ಗಿಸದೆಯೇ ಅಗಲ ತುಂಬುತ್ತದೆ. ಎಡಿಟ್ ಫೈಲು ಇಲ್ಲದೆ ಪಟ್ಟಿ ಇರುವ ಫೈಲು ಮಾತ್ರ ಉಳಿದಿದ್ದರೆ ಕಂಪ್ಯೂಟರಿನಲ್ಲಿ ffmpeg ಎಂಬ ಪ್ರೋಗ್ರಾಮಿಗೆ ಈ ಆದೇಶ ಕೊಟ್ಟು ಕತ್ತರಿಸಬಹುದು:

```
ffmpeg -i film.mp4 -vf crop=1920:804:0:138 -c:a copy out.mp4
```

ಮೇಲಿನಿಂದ 138 ಸಾಲು ಬಿಟ್ಟು 804 ಸಾಲು ಇಟ್ಟುಕೊಳ್ಳಲು ಹೇಳಿದ್ದೇವೆ, ಅಷ್ಟೇ. ನಿಮ್ಮ ಪಟ್ಟಿ ಎಷ್ಟು ದಪ್ಪ ಇದೆ ಅಂತ ಮೊದಲು ಒಂದು ಬೆಳಕಿನ ದೃಶ್ಯದಲ್ಲಿ ಅಳೆಯಿರಿ. ಕತ್ತಲೆಯ ದೃಶ್ಯದಲ್ಲಿ ಪಟ್ಟಿ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಬರಹ ಪಟ್ಟಿಯ ಮೇಲಿದ್ದರೆ ಅದೂ ಹೋಗುತ್ತದೆ, ನೋಡಿಕೊಳ್ಳಿ.

ಎಂಟನೇ ಸಾಲು

ಮಾಡಿದೆ. ಅಗಲ ಪೂರ್ತಿ ತುಂಬಿತು. ಮುಂದಿನ ಚಿತ್ರಕ್ಕೆ ಒಂದು ಯೋಚನೆ ಇದೆ. ಕ್ಯಾಮೆರಾದಲ್ಲಿ 2.39ರ ಗೆರೆಯನ್ನೂ 9:16ರ ಗೆರೆಯನ್ನೂ ಒಟ್ಟಿಗೆ ಹಾಕಿಕೊಂಡು, ಎರಡಕ್ಕೂ ಆಗುವ ಹಾಗೆ ತೆಗೆದರೆ?

ರೀಲು ಪೆಟ್ಟಿಗೆ

ನನ್ನ ಮಾತು ಕೇಳಿದರೆ ಬೇಡ. ಎರಡೂ ಗೆರೆ ಹಾಕಿದ ಕೂಡಲೇ ಎಲ್ಲರೂ ನಡುವಿಗೆ ಬಂದು ನಿಲ್ಲುತ್ತಾರೆ. ಟೀವಿ 4:3ರಿಂದ 16:9ಕ್ಕೆ ಬದಲಾಗುವ ಕಾಲದಲ್ಲೂ ಇದೇ ಆಯಿತು. ಹಳೆ ಟೀವಿಯವರಿಗೆ ಕತ್ತರಿಸಬಾರದು ಅಂತ ಮುಖ್ಯವಾದದ್ದನ್ನೆಲ್ಲ ನಡುವೆ ಇಟ್ಟು, ಅಂಚನ್ನು ಸುಮ್ನೆ ಬಿಡುತ್ತಿದ್ದರು. ಅಗಲ ಇದ್ದೂ ಅದನ್ನು ಬಳಸಿದ ಹಾಗೆ ಆಗಲಿಲ್ಲ. ಆ ಊಟದ ಮೇಜನ್ನು ಹಾಗೆ ತೆಗೆದಿದ್ದರೆ ಅಪ್ಪ, ಮಗಳು ಭುಜಕ್ಕೆ ಭುಜ ತಾಗಿಸಿ ಕೂರಬೇಕಿತ್ತು.

ಕತ್ತರಿ ಕೆಲಸ

ನಾನು ಪೂರ್ತಿ ಒಪ್ಪುವುದಿಲ್ಲ ಅಣ್ಣ. ನೀಲಿಶಾಯಿ ಅವರಂತೆ ನೋಡುವವರು ಜಾಸ್ತಿ ಇದ್ದಾರೆ. ಕೊನೆಗೆ ಯಾರೋ ಒಬ್ಬರು ಕತ್ತರಿಸಿಯೇ ಕತ್ತರಿಸುತ್ತಾರೆ. ದೃಶ್ಯ ಕಟ್ಟಿದವರೇ ಉದ್ದದ ತುಣುಕಿಗೂ ಬೇರೆಯಾಗಿ ಒಂದು ಶಾಟ್ ತೆಗೆದಿಟ್ಟರೆ ಒಳ್ಳೆಯದು. ಅದೇ ಚೌಕಟ್ಟಿನಿಂದ ಕತ್ತರಿಸುವುದಲ್ಲ, ಕ್ಯಾಮೆರಾ ಜಾಗ ಬದಲಾಯಿಸಿ ತೆಗೆಯುವುದು. ಮೇಜಿನ ಒಂದು ತುದಿಯಿಂದ, ಅಪ್ಪನ ಭುಜದ ಹಿಂದೆ ಕ್ಯಾಮೆರಾ ಇಟ್ಟರೆ ಆ ದೂರ ಉದ್ದದಲ್ಲೂ ಕಾಣುತ್ತದೆ. ಮಗಳು ದೂರದಲ್ಲಿ, ಮೇಲೆ, ಚಿಕ್ಕದಾಗಿ. ಕುರ್ಚಿ ನಡುವೆ.

ರೀಲು ಪೆಟ್ಟಿಗೆ

ಅದು ಬೇರೆ ಶಾಟ್. ಅದರಲ್ಲಿ ನಾವು ಅಪ್ಪನ ಕಡೆ ನಿಂತಿರುತ್ತೇವೆ. ಅಗಲದ್ದರಲ್ಲಿ ಯಾರ ಕಡೆಯೂ ಇರಲಿಲ್ಲ.

ಕತ್ತರಿ ಕೆಲಸ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯೋಚನೆ ಮಾಡುತ್ತೇನೆ.

ನೀಲಿಶಾಯಿ

ನಿನ್ನೆ ಸೀಟು ಸಿಕ್ಕಿತ್ತು. ಅಡ್ಡ ಹಿಡಿದು ಅರ್ಧ ಗಂಟೆ ನೋಡಿದೆ. 30 ಸೆಂಟಿಮೀಟರ್ ಹತ್ತಿರ ಹಿಡಿದರೆ ಕೈ ನೋಯುತ್ತದೆ, ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆದರೆ ಮುಖ ಕಾಣಿಸಿತು.

ಕಿಟಕಿ ಸೀಟು

ನಾನು ಆ ಮೇಜಿನ ದೃಶ್ಯವನ್ನು ಮತ್ತೆ ನೋಡಿದೆ. ಈ ಸಲ ಅಪ್ಪ ಮಾತಾಡುವಾಗ ಮಗಳ ಕಡೆಯೇ ನೋಡುತ್ತಾ ಕೂತೆ. ಅವಳು ಕಣ್ಣೆತ್ತುವುದು ಅಪ್ಪನ ಕಡೆಗಲ್ಲ, ಕುರ್ಚಿಯ ಕಡೆಗೆ. ಮೊದಲ ಸಲ ನನಗೆ ಅದು ಕಂಡಿರಲೇ ಇಲ್ಲ.